ಒಂದು ಬಕೆಟ್ ಬಿಸಿನೀರಿಗೆ ಎಷ್ಟು ಗ್ರಾಂ ಗ್ಯಾಸ್? ಎರಡು ಗೀಸರ್‌ಗಳನ್ನು ತೂಗಿ ನೋಡಿದ ನನ್ನ ಅನುಭವ

ನಮ್ಮ ಮನೆಯಲ್ಲಿ ಬಹುಕಾಲದಿಂದ ಇದ್ದದ್ದು 50 ಲೀಟರ್ ಟ್ಯಾಂಕಿನ, ತಳದಲ್ಲಿ ಗ್ಯಾಸ್ ಬರ್ನರ್ ಇರುವ ಸ್ಟೋರೇಜ್ ಗೀಸರ್. ಅದರ ಪಕ್ಕದಲ್ಲೇ ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಇನ್‌ಸ್ಟಂಟ್ ಗೀಸರ್ ಹಾಕಿಸಿದ ಮೇಲೆ, ಒಂದು ಬಕೆಟ್ ನೀರಿಗೆ ಎರಡರಲ್ಲಿ ಯಾವುದು ಎಷ್ಟು ಗ್ಯಾಸ್ ತಿನ್ನುತ್ತದೆ ಎಂಬುದನ್ನು ತೂಗಿಯೇ ತಿಳಿಯಬೇಕೆನ್ನಿಸಿತು. ಎರಡೂ ಗೀಸರ್‌ಗಳು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿವೆ. ಮುಚ್ಚಿದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವಕ್ಕೇ ಅಪಾಯವಾಗುವುದರಿಂದ, ಅಂಥ ಕಡೆ ಈ ಪರೀಕ್ಷೆಯನ್ನು ಯಾರೂ ಮಾಡಬಾರದು.

ಮೊದಲ ದಿನದ ಲೆಕ್ಕವನ್ನು ನಾನೇ ತಳ್ಳಿಹಾಕಬೇಕಾಯಿತು. ಟ್ಯಾಂಕಿನಿಂದ 57 ಡಿಗ್ರಿಯ ನೀರು ಬರುತ್ತಿತ್ತು, ಇನ್‌ಸ್ಟಂಟ್ ಗೀಸರಿನಿಂದ 45 ಡಿಗ್ರಿಯದು. ಎರಡನ್ನೂ ‘ಒಂದು ಬಕೆಟ್’ ಎಂದು ಎಣಿಸಿದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಆದ್ದರಿಂದ ತಣ್ಣೀರು ಬೆರೆಸಿ, ಕಲಕಿ, ಥರ್ಮಾಮೀಟರ್ ಇಟ್ಟಾಗ 42 ಡಿಗ್ರಿ ತೋರಿಸುವ 20 ಲೀಟರ್ ನೀರೇ ಒಂದು ಬಕೆಟ್ ಎಂದು ನಿಶ್ಚಯಿಸಿಕೊಂಡೆ. ನಲ್ಲಿಯ ನೀರು ಆಗ 22 ಡಿಗ್ರಿ ಇತ್ತು. 20 ಲೀಟರ್ ನೀರನ್ನು 20 ಡಿಗ್ರಿ ಏರಿಸಲು 400 ಕಿಲೋಕ್ಯಾಲರಿ ಬೇಕು. ಒಂದು ಕಿಲೋ ಎಲ್‌ಪಿಜಿ ಸುಮಾರು 11,000 ಕಿಲೋಕ್ಯಾಲರಿ ಕೊಡುತ್ತದೆ. ಅಂದರೆ ಶಾಖ ಎಲ್ಲೂ ಪೋಲಾಗದಿದ್ದರೆ ಬಕೆಟ್‌ಗೆ 36 ಗ್ರಾಂ ಸಾಕು. ಅದಕ್ಕಿಂತ ಹೆಚ್ಚು ಖರ್ಚಾದದ್ದೆಲ್ಲ ಗೀಸರಿನ ನಷ್ಟ.

ಹತ್ತು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಸೋಪಿನ ನೀರು ಹಚ್ಚಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡೆ. ಇಲ್ಲಿ ಕಾಡಿದ್ದು ಗ್ಯಾಸ್ ಪೈಪು. ಅದು ಬಿರುಸಾಗಿರುವುದರಿಂದ ಸ್ವಲ್ಪ ತಾಗಿದರೂ ತೂಕ 40 ಗ್ರಾಂ ಅತ್ತಿತ್ತ ಆಗುತ್ತಿತ್ತು. ಪರೀಕ್ಷೆ ಮುಗಿಯುವವರೆಗೆ ಪೈಪನ್ನು ಮುಟ್ಟದೆ, ಸಿಲಿಂಡರಿನ ಮೈಮೇಲೆ ಕೂತ ತೇವವನ್ನು ಒರೆಸಿಯೇ ತೂಕ ಓದುತ್ತಿದ್ದೆ. ಒಂದೇ ಬಕೆಟ್ ತೂಗಿದರೆ ಇಂಥ ದೋಷವೇ ಉತ್ತರವನ್ನು ನುಂಗಿಬಿಡುತ್ತದೆ. ಹಾಗಾಗಿ ಒಮ್ಮೆಗೆ ಹತ್ತು ಬಕೆಟ್ ತುಂಬಿಸಿ ಹತ್ತರಿಂದ ಭಾಗಿಸಿದೆ.

ಇನ್‌ಸ್ಟಂಟ್ ಗೀಸರ್ ಮೊದಲ ಸಲ ಹತ್ತು ಬಕೆಟ್‌ಗೆ 530 ಗ್ರಾಂ ತೆಗೆದುಕೊಂಡಿತು. ಇಷ್ಟು ಹೆಚ್ಚಾಗಬಾರದಿತ್ತು ಎಂದು ಕಿಂಡಿಯಲ್ಲಿ ನೋಡಿದಾಗ ಉರಿಯ ತುದಿ ನೀಲಿಯಾಗಿರದೆ ಹಳದಿಯಾಗಿತ್ತು. ಮೆಕ್ಯಾನಿಕ್ ಬಿಚ್ಚಿದಾಗ ಬರ್ನರಿನ ರಂಧ್ರಗಳಲ್ಲಿ ಧೂಳೂ, ಮೇಲಿನ ತಾಮ್ರದ ರೆಕ್ಕೆಗಳ ನಡುವೆ ಮಸಿಯೂ ಕಂಡವು. ಸ್ವಚ್ಛಗೊಳಿಸಿದ ಮೇಲೆ ಅಷ್ಟೇ ನೀರಿಗೆ 450 ಗ್ರಾಂ ಆಯಿತು, ಅಂದರೆ ಬಕೆಟ್‌ಗೆ 45 ಗ್ರಾಂ. ಇದರಲ್ಲಿ ಪ್ರತಿ ಬಾರಿ ನಲ್ಲಿ ನಿಲ್ಲಿಸಿದಾಗ ಪೈಪಿನಲ್ಲಿ ಉಳಿದು ತಣ್ಣಗಾಗುವ ಬಿಸಿನೀರಿನ ಲೆಕ್ಕ ಸೇರಿಲ್ಲ. ನಮ್ಮ ಆರು ಮೀಟರ್ ಪೈಪಿನಲ್ಲಿ ಅದು ಸುಮಾರು ಒಂದು ಲೀಟರ್. ಬಿಡಿಬಿಡಿಯಾಗಿ ತುಂಬಿಸಿದರೆ ಬಕೆಟ್‌ಗೆ ಎರಡು ಗ್ರಾಂ ಹೆಚ್ಚೆನ್ನಬಹುದು.

ಸ್ಟೋರೇಜ್ ಗೀಸರನ್ನು ತೂಗುವಾಗ ಟ್ಯಾಂಕು ಆರಂಭದಲ್ಲಿ ಎಷ್ಟು ಕಾದಿತ್ತೋ ಕೊನೆಯಲ್ಲೂ ಅಷ್ಟೇ ಕಾದಿರಬೇಕು. ಕೊನೆಯ ಬಕೆಟ್ ತುಂಬಿದೊಡನೆ ತೂಕ ಓದಿದರೆ, ಮೊದಲೇ ಸುಟ್ಟ ಗ್ಯಾಸಿನ ಶಾಖವನ್ನು ಪುಕ್ಕಟೆಯಾಗಿ ಪಡೆದಂತಾಗುತ್ತದೆ. ಆದ್ದರಿಂದ ಥರ್ಮೋಸ್ಟಾಟ್ ತಾನೇ ಉರಿ ಆರಿಸುವವರೆಗೆ ಕಾದು ಓದಿದೆ. ಹತ್ತು ಬಕೆಟ್‌ಗೆ ಒಂದೂವರೆ ಗಂಟೆಯಲ್ಲಿ 510 ಗ್ರಾಂ ಆಯಿತು. ಇಷ್ಟೇ ನೋಡಿದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ ಎನ್ನಿಸುತ್ತದೆ. ಆದರೆ ಮರುದಿನ ಒಂದು ಹನಿ ನೀರನ್ನೂ ಬಳಸದೆ ಗೀಸರನ್ನು 24 ಗಂಟೆ ಚಾಲೂ ಇಟ್ಟಾಗ 310 ಗ್ರಾಂ ಕರಗಿತ್ತು. ಸದಾ ಉರಿಯುವ ಪೈಲಟ್ ಜ್ವಾಲೆ ಒಂದು ಕಾರಣ. ಟ್ಯಾಂಕಿನ ಮೈಯಿಂದಲೂ ನಡುವಿನ ಹೊಗೆಕೊಳವೆಯಿಂದಲೂ ಹೊರಹೋಗುವ ಶಾಖ ಇನ್ನೊಂದು.

ಒಂದೂವರೆ ಗಂಟೆಯ ಪಾಲಿನ 20 ಗ್ರಾಂ ಕಳೆದರೆ ನೀರು ಕಾಯಿಸಲು ಮಾತ್ರ ಬಕೆಟ್‌ಗೆ 49 ಗ್ರಾಂ ಬೀಳುತ್ತದೆ. ಆ 310 ಗ್ರಾಂ ಮಾತ್ರ ದಿನದ ಬಕೆಟ್‌ಗಳ ಮೇಲೆ ಹಂಚಿಹೋಗುತ್ತದೆ. ನಮ್ಮಲ್ಲಿ ದಿನಕ್ಕೆ ನಾಲ್ಕು ಬಕೆಟ್. ಆದ್ದರಿಂದ ಪ್ರತಿ ಬಕೆಟ್‌ಗೆ ಸುಮಾರು 126 ಗ್ರಾಂ. ಎರಡೇ ಬಕೆಟ್ ಬಳಸುವ ಮನೆಯಲ್ಲಿ ಇದೇ ಗೀಸರಿಗೆ 200 ಗ್ರಾಂ ದಾಟುತ್ತದೆ, ಹತ್ತು ಬಕೆಟ್ ಬಳಸಿದರೆ 80ಕ್ಕೆ ಇಳಿಯುತ್ತದೆ. ಇನ್‌ಸ್ಟಂಟ್ ಗೀಸರಿನ 45 ಗ್ರಾಂ ಮಾತ್ರ ಬಕೆಟ್‌ಗಳ ಸಂಖ್ಯೆಯೊಂದಿಗೆ ಹೆಚ್ಚು ಬದಲಾಗುವುದಿಲ್ಲ. ನಲ್ಲಿಯ ನೀರು 14 ಡಿಗ್ರಿಗೆ ಇಳಿಯುವ ಚಳಿಯಲ್ಲಿ ಅದೂ 63 ಗ್ರಾಂ ಆಗುತ್ತದೆ. ಅದು ಗೀಸರಿನ ದೋಷವಲ್ಲ, 28 ಡಿಗ್ರಿ ಏರಿಸಬೇಕಾದ ನೀರಿನದು.

ಹಳೆಯ ಗೀಸರನ್ನು ನಾನು ತೆಗೆಸಲಿಲ್ಲ. ಒಟ್ಟಿಗೆ ನಾಲ್ಕು ಜನ ಸ್ನಾನಕ್ಕೆ ನಿಲ್ಲುವ ಬೆಳಿಗ್ಗೆ ಮಾತ್ರ ಪೈಲಟ್ ಹೊತ್ತಿಸಿ, ಅರ್ಧ ಗಂಟೆ ಕಾಯಿಸಿ, ಕೊನೆಯವರು ಬಕೆಟ್ ತುಂಬಿಸುವ ಮೊದಲೇ ಪೈಲಟ್ ಸಮೇತ ಆರಿಸುತ್ತೇನೆ. ಹಾಗೆ ಬಳಸಿ ತೂಗಿದಾಗ ನಾಲ್ಕು ಬಕೆಟ್‌ಗೆ 240 ಗ್ರಾಂ ಆಯಿತು, ಬಕೆಟ್‌ಗೆ 60.