ಟಿಕೆಟ್‌ಗೆ ಪ್ರಯಾರಿಟಿ ಕೊಡುವಾಗ ಮೊದಲು ವ್ಯಾಪ್ತಿ ನೋಡಿ, ಆಮೇಲೆ ಗ್ರಾಹಕರ ಪ್ಲಾನ್

ಸಪೋರ್ಟ್ ಕೆಲಸ ಮಾಡುವವರಿಗೆ ಒಂದು ಸಲಹೆ. ಟಿಕೆಟ್ ತೆರೆದ ಕೂಡಲೇ ಗ್ರಾಹಕರು ಯಾವ ಪ್ಲಾನ್‌ನಲ್ಲಿದ್ದಾರೆ ಅಂತ ನೋಡಬೇಡಿ. ತೊಂದರೆ ಎಷ್ಟು ಜನಕ್ಕೆ ಆಗಿದೆ, ಬೇರೆ ದಾರಿ ಇದೆಯಾ, ಇವೆರಡನ್ನೇ ಮೊದಲು ಕೇಳಿಕೊಳ್ಳಿ.

ಒಂದು ಉದಾಹರಣೆ ನೋಡಿ. ದೊಡ್ಡ ಪ್ಲಾನ್‌ನ ಗ್ರಾಹಕರಿಂದ 'ತುರ್ತು' ಅಂತ ಟಿಕೆಟ್ ಬಂತು. ಒಬ್ಬರಿಗೆ ಮಾತ್ರ ಪಿಡಿಎಫ್ ರಿಪೋರ್ಟ್ ಇಳಿಯುತ್ತಿಲ್ಲ, ಎಕ್ಸೆಲ್‌ನಲ್ಲಿ ಇಳಿಯುತ್ತದೆ. ಪಿ1 ಅಂದರೆ ಅತಿ ತುರ್ತು, ಪಿ4 ಅಂದರೆ ಎಲ್ಲಕ್ಕಿಂತ ಕಡಿಮೆ ತುರ್ತು ಅಂತ ಇಟ್ಟುಕೊಂಡರೆ, ವ್ಯಾಪ್ತಿ ನೋಡಿದಾಗ ಇದು ಪಿ3. ಪ್ಲಾನ್ ದೊಡ್ಡದು, ಹಾಗಾಗಿ ಒಂದು ಮೆಟ್ಟಿಲು ಏರಿಸಿ ಪಿ2 ಮಾಡಿ. ಅಲ್ಲಿಗೆ ನಿಲ್ಲಿಸಿ. ಪ್ಲಾನ್ ನೋಡಿ ಒಂದೇ ಮೆಟ್ಟಿಲು ಏರಿಸಬಹುದು, ಆ ಕಾರಣಕ್ಕೆ ಪಿ1 ಮಾಡಬಾರದು ಅಂತ ನಿಯಮದಲ್ಲೇ ಬರೆದಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಎಲ್ಲವೂ ಪಿ1 ಆಗಿ, ನಿಜವಾದದ್ದು ಕಣ್ಣಿಗೇ ಬೀಳುವುದಿಲ್ಲ.

ಅದೇ ಹೊತ್ತಿಗೆ ಉಚಿತ ಪ್ಲಾನ್‌ನವರೊಬ್ಬರು 'ಲಾಗಿನ್ ಆಗ್ತಿಲ್ಲ' ಅಂತ ಒಂದೇ ಸಾಲು ಬರೆದರು. ಪಿ4 ಅಂತ ಹಾಕಿಬಿಡೋಣ ಅನಿಸುತ್ತದೆ, ಅಲ್ವಾ? ಹಾಕುವ ಮೊದಲು ಕಳೆದ ಅರ್ಧ ಗಂಟೆಯ ಟಿಕೆಟ್‌ಗಳಲ್ಲಿ 'ಲಾಗಿನ್' ಅಂತ ಹುಡುಕಿ. ಬೇರೆ ಬೇರೆ ಕಂಪನಿಗಳಿಂದ ಇನ್ನೂ ಎರಡು ಸಿಕ್ಕವು ಅಂದರೆ ಇದು ಒಬ್ಬರ ಪಾಸ್‌ವರ್ಡ್ ತೊಂದರೆ ಅಲ್ಲ, ಸೇವೆಯೇ ಬಿದ್ದಿರಬಹುದು. ಇದನ್ನು ಪಿ1 ಮಾಡಿ, ಮೂರನ್ನೂ ಒಂದೇ ಮುಖ್ಯ ಟಿಕೆಟ್‌ಗೆ ಜೋಡಿಸಿ, ಆನ್‌ಕಾಲ್‌ನಲ್ಲಿ ಇರುವವರಿಗೆ ಫೋನ್ ಮಾಡಿ. ಆಮೇಲೆ ಬೇರೆ ಕಾರಣ ಅಂತ ಗೊತ್ತಾದರೆ ಇಳಿಸಬಹುದು.

ಡೇಟಾ ಕಳೆದುಹೋದರೆ ಅಥವಾ ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಂಡರೆ ಈ ಲೆಕ್ಕ ಬೇಡ. ಒಬ್ಬರೇ ಹೇಳಿದರೂ ನೇರ ಪಿ1.

ಪ್ರತಿ ಸಲ ಕಾರಣವನ್ನು ಟಿಕೆಟ್‌ನಲ್ಲೇ ಬರೆಯಿರಿ: 'ಒಬ್ಬ ಬಳಕೆದಾರ, ಬೇರೆ ದಾರಿ ಇದೆ, ಪ್ಲಾನ್‌ನಿಂದ +1'. ಮುಂದಿನ ಶಿಫ್ಟ್‌ನವರು ಮತ್ತೆ ಮೊದಲಿನಿಂದ ಯೋಚಿಸಬೇಕಾಗುವುದಿಲ್ಲ.