ಕಂಬದ ಹಿಂದೆ ಬೈಕು: ಕಾರು ಆರಿಸುವ ಮುಂಚೆ ಹಗ್ಗ, ಸೀಮೆಸುಣ್ಣ ಹಿಡಿದು ನಾನು ನೋಡಿದ್ದು

ನಮ್ಮ ಮನೆ ಮೂಡಿಗೆರೆ ಕಡೆ. ತಿಂಗಳಿಗೆ ಮೂರು ನಾಲ್ಕು ಸಲವಾದರೂ ಚಾರ್ಮಾಡಿ ಘಾಟಿ ಇಳಿದು ಹತ್ತಬೇಕು. ಎರಡು ವರ್ಷದ ಹಿಂದೆ ನೆಂಟರ ಕಾರಿನಲ್ಲಿ ಘಾಟಿ ಹತ್ತುತ್ತಿದ್ದೆ. ಬಲಕ್ಕೆ ತಿರುಗುವ ಒಂದು ಹೇರ್‌ಪಿನ್‌ನಲ್ಲಿ ರಸ್ತೆ ಖಾಲಿ ಅಂತಲೇ ಸ್ಟೇರಿಂಗ್ ತಿರುಗಿಸಿದೆ. ಕಾರಿನ ಮುಂದಿನ ಗಾಜಿನ ಬಲಪಕ್ಕದ ಕಂಬದ ಹಿಂದಿನಿಂದ ಒಂದು ಬೈಕು ಬಂತು. ಅದರ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಮಗು. ಬ್ರೇಕ್ ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅವರು ಎಷ್ಟೋ ಹೊತ್ತಿನಿಂದ ನನ್ನ ಎದುರಿಗೇ ಇದ್ದರು, ನನಗೆ ಕಂಡಿರಲಿಲ್ಲ. ಅದು ಮನಸ್ಸಿನಿಂದ ಹೋಗಲಿಲ್ಲ.

ಹಾಗಾಗಿ ನಾವು ಕಾರು ಕೊಳ್ಳುವಾಗ ಮೈಲೇಜು, ಬಣ್ಣ ಎಲ್ಲಕ್ಕಿಂತ ಮೊದಲು ಕೂತ ಜಾಗದಿಂದ ಹೊರಗೆ ಎಷ್ಟು ಕಾಣುತ್ತದೆ ಅನ್ನುವುದನ್ನೇ ನೋಡಬೇಕು ಅಂತ ತೀರ್ಮಾನಿಸಿದ್ದೆ. ಕೊನೆಗೆ ಎರಡು ಕಾರು ಉಳಿದವು. ಒಂದು, ಹಿಂದಕ್ಕೆ ಇಳಿಜಾರಾಗಿ ಹೋಗುವ ಛಾವಣಿಯ ಹೊಸ ಮಾದರಿ. ಮಕ್ಕಳಿಗೆ ಅದೇ ಇಷ್ಟ. ಇನ್ನೊಂದು, ಡಬ್ಬಿಯ ಹಾಗೆ ನೆಟ್ಟಗೆ ನಿಂತ ಎತ್ತರದ ಕಾರು.

ಮುಂದಿನ ಗಾಜಿನ ಎರಡು ಪಕ್ಕದಲ್ಲಿರುವ ಕಂಬಕ್ಕೆ ಎ ಪಿಲ್ಲರ್ ಅಂತಾರೆ. ಕಾರು ಮಗುಚಿದರೆ ಛಾವಣಿಯನ್ನು ಹೊರಬೇಕಾದದ್ದು ಅದು. ಪಕ್ಕದ ಪರದೆ ಏರ್‌ಬ್ಯಾಗ್‌ಗೂ ಅದರ ಹತ್ತಿರವೇ ಜಾಗ ಬೇಕು. ಹಾಗಾಗಿ ಕಂಬ ದಪ್ಪ ಇರುವುದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಗಾಜನ್ನು ತುಂಬಾ ಓರೆ ಮಾಡಿದಾಗ ಕಂಬವೂ ಮಲಗಿದ ಹಾಗಾಗಿ, ನಾವು ತಿರುವಿನಲ್ಲಿ ನೋಡಬೇಕಾದ ಜಾಗಕ್ಕೇ ಅಡ್ಡ ಬರುತ್ತದೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲಗಂಬ ಕಣ್ಣಿಗೆ ತೀರಾ ಹತ್ತಿರ. ಎಡಗಂಬ ಅಷ್ಟೇ ದಪ್ಪ ಇದ್ದರೂ ದೂರ ಇರುವುದರಿಂದ ಅದು ಮರೆಮಾಡುವುದು ಸುಮಾರು ಅರ್ಧ ಮಾತ್ರ.

ಕಂಬ ಎಷ್ಟು ಮರೆಮಾಡುತ್ತದೆ ಅನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳಲಾಗುವುದಿಲ್ಲ. ಅಳೆಯಬೇಕು. ಶೋರೂಮಿನ ಹಿಂದೆ ಖಾಲಿ ಅಂಗಳ ಇತ್ತು. ಮೊದಲು ಸೀಟನ್ನು ನಾನು ನಿಜವಾಗಿ ಓಡಿಸುವ ಹಾಗೆ ಹೊಂದಿಸಿಕೊಂಡೆ. ಇದು ಮುಖ್ಯ. ಸೀಟು ಹಿಂದೆ ಸರಿದಿದ್ದರೆ ಕಂಬ ದೂರವಾಗಿ, ಕಾರು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆಮೇಲೆ 10 ಮೀಟರ್ ಹಗ್ಗದ ಒಂದು ತುದಿಯನ್ನು ಕಿಟಕಿಯಲ್ಲಿ ನನ್ನ ತಲೆಯ ಹತ್ತಿರ ಹಿಡಿದೆ. ಇನ್ನೊಂದು ತುದಿ ತಮ್ಮನ ಕೈಯಲ್ಲಿ. ಅವನು ಹಗ್ಗ ಬಿಗಿಯಾಗಿಟ್ಟುಕೊಂಡೇ ಬಲಗಂಬದ ಆಚೆ ಅಡ್ಡಡ್ಡ ನಡೆದ. ತಲೆ ಅಲ್ಲಾಡಿಸದೆ ಎರಡೂ ಕಣ್ಣು ತೆರೆದು ನೋಡಿದೆ.

"ಅಣ್ಣ, ಈಗ ಕಾಣ್ತೀನಾ?"

"ಇಲ್ಲ. ಅಲ್ಲೇ ಗೆರೆ ಹಾಕು."

ಕೈಯಲ್ಲಿ ನೆಟ್ಟಗೆ ಹಿಡಿದಿದ್ದ ಕೋಲು ಮರೆಯಾದ ಜಾಗದಲ್ಲಿ ಸೀಮೆಸುಣ್ಣದ ಒಂದು ಗೆರೆ, ಮತ್ತೆ ಕಂಡ ಜಾಗದಲ್ಲಿ ಇನ್ನೊಂದು. ಇಳಿಜಾರು ಛಾವಣಿಯ ಕಾರಿನಲ್ಲಿ ಎರಡು ಗೆರೆಗಳ ನಡುವೆ ಹೆಚ್ಚುಕಮ್ಮಿ 1 ಮೀಟರ್. ಎದುರಿನಿಂದ ಬರುವ ಬೈಕು ಸವಾರನ ಸಮೇತ ಅದರೊಳಗೆ ಹಿಡಿಸುತ್ತದೆ. ನೆಟ್ಟಗಿನ ಕಾರಿನಲ್ಲಿ ಸುಮಾರು 50 ಸೆಂಟಿಮೀಟರ್.

ಆಶ್ಚರ್ಯ ಅಂದರೆ ಎರಡು ಕಂಬಗಳ ದಪ್ಪದಲ್ಲಿ ಅಷ್ಟು ವ್ಯತ್ಯಾಸವೇ ಇರಲಿಲ್ಲ. ಕೂತ ಜಾಗದಿಂದ ಕಾಣುವ ಅಗಲ ಒಂದರದ್ದು 12 ಸೆಂಟಿಮೀಟರ್, ಇನ್ನೊಂದರದ್ದು 9. ಎರಡು ಕಂಬವೂ ಕಣ್ಣಿನಿಂದ ಸುಮಾರು 60 ಸೆಂಟಿಮೀಟರ್ ದೂರ. ಮನೆಗೆ ಬಂದು ಲೆಕ್ಕ ಹಾಕಿದಾಗ ಕಾರಣ ಗೊತ್ತಾಯಿತು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರ ಇದೆ. ಕಂಬ ಅದಕ್ಕಿಂತ ಸಣ್ಣದಿದ್ದರೆ ಒಂದು ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ, ದೂರದ್ದು ಯಾವುದೂ ಮರೆಯಾಗುವುದಿಲ್ಲ. ಕಂಬ ಅದನ್ನು ಮೀರಿದ ಮೇಲೆ, ಮೀರಿದ ಭಾಗವೇ ದೂರಕ್ಕೆ ಹೋದ ಹಾಗೆ ಹಿಗ್ಗುತ್ತದೆ. ಒಂದು ಕಾರಿನಲ್ಲಿ ಆ ಭಾಗ 5.5, ಇನ್ನೊಂದರಲ್ಲಿ 2.5. ಅದಕ್ಕೇ ಕಂಬದಲ್ಲಿ ಮೂರು ಸೆಂಟಿಮೀಟರ್ ಜಾಸ್ತಿಯಾದರೆ ರಸ್ತೆಯಲ್ಲಿ ಅರ್ಧ ಮೀಟರ್ ಜಾಸ್ತಿ.

ಸೈಡ್ ಮಿರರ್ ಎಲ್ಲಿ ಕೂರಿಸಿದ್ದಾರೆ ಅನ್ನುವುದನ್ನೂ ನೋಡಿದೆ. ಮೊದಲ ಕಾರಿನಲ್ಲಿ ಮಿರರ್ ಕಂಬದ ಬುಡಕ್ಕೇ ಅಂಟಿತ್ತು. ಕಂಬ, ಮಿರರ್ ಎರಡೂ ಸೇರಿ ಒಂದೇ ಗೋಡೆ. ಎರಡನೆಯದರಲ್ಲಿ ಮಿರರ್ ಬಾಗಿಲ ಮೇಲೆ ಇತ್ತು. ಅದಕ್ಕೂ ಕಂಬಕ್ಕೂ ನಡುವೆ ನಾಲ್ಕು ಬೆರಳಿನ ಸಂದು. ಆ ಸಂದಿನಲ್ಲಿ ರಸ್ತೆ ದಾಟುವವರ ಕಾಲು ಕಾಣುತ್ತದೆ.

ಇನ್ನು ಹಿಂಭಾಗ. ತಮ್ಮನಿಗೆ 90 ಸೆಂಟಿಮೀಟರ್ ಉದ್ದದ ಕೋಲು ಕೊಟ್ಟೆ. ಎರಡು ಮೂರು ವರ್ಷದ ಮಗುವಿನ ಎತ್ತರ ಅಷ್ಟೇ ಅಲ್ವಾ? ಬಂಪರಿನಿಂದ ಶುರುಮಾಡಿ ಹಿಂದಕ್ಕೆ ಹೋಗಲು ಹೇಳಿ, ಒಳಗಿನ ಮಿರರ್‌ನಲ್ಲಿ ಕೋಲಿನ ತುದಿ ಯಾವಾಗ ಕಾಣುತ್ತದೆ ಅಂತ ನೋಡಿದೆ. ನೆಟ್ಟಗಿನ ಕಾರಿನಲ್ಲಿ 2 ಮೀಟರಿಗೆ ಕಂಡಿತು. ಇಳಿಜಾರಿನ ಕಾರಿನಲ್ಲಿ 5 ಮೀಟರ್ ದಾಟಬೇಕಾಯಿತು. ಛಾವಣಿ ಮೇಲಿನಿಂದ ಇಳಿದಿದೆ, ಡಿಕ್ಕಿಯ ಅಂಚು ಕೆಳಗಿನಿಂದ ಎತ್ತರಿಸಿದೆ. ನಡುವೆ ಉಳಿದ ಗಾಜು ಅಂಚೆ ಡಬ್ಬದ ಬಾಯಿಯಷ್ಟು. ಹಿಂದಿನ ಸೀಟಿನ ಹೆಡ್‌ರೆಸ್ಟ್ ಎತ್ತಿದರೆ ಅದೂ ಅರ್ಧ ಹೋಯಿತು. ಮನೆಮಂದಿಯೆಲ್ಲ ಕೂತಾಗ ಹೇಗಿರುತ್ತದೆ ಅಂತ ನೋಡಬೇಕಾದರೆ ಅವನ್ನು ಎತ್ತಿಯೇ ನೋಡಬೇಕು.

"ಸಾರ್, ಕ್ಯಾಮೆರಾ ಇದೆಯಲ್ಲಾ," ಅಂದ ಶೋರೂಮಿನ ಹುಡುಗ. ನಿಜ, ರಿವರ್ಸ್ ಹಾಕುವಾಗ ಬಂಪರಿನ ಹತ್ತಿರದ್ದನ್ನು ಕ್ಯಾಮೆರಾದಷ್ಟು ಚೆನ್ನಾಗಿ ಯಾವ ಗಾಜೂ ತೋರಿಸುವುದಿಲ್ಲ. ಆದರೆ ಮುಂದಕ್ಕೆ ಹೋಗುತ್ತಿರುವಾಗ ಹಿಂದೆ ಒತ್ತಿಕೊಂಡು ಬರುವ ಬಸ್ಸನ್ನು ಅದು ತೋರಿಸಲಿಲ್ಲ, ರಿವರ್ಸ್ ಗೇರಿಗೆ ಮಾತ್ರ ಹೊತ್ತಿಕೊಳ್ಳುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಜೊತೆಗೆ ಆ ಓರೆ ಗಾಜಿಗೆ ಹಿಂದಿನ ವೈಪರ್ ಇರಲಿಲ್ಲ.

ಪಕ್ಕದ ಮರೆಯನ್ನು ಬೇಗ ಮುಗಿಸಿದೆ. ತಮ್ಮ ಸ್ಕೂಟರಿನಲ್ಲಿ ಹಿಂದಿನಿಂದ ನಿಧಾನ ಬಂದ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮಿರರ್‌ನಿಂದ ಮರೆಯಾಗುವ ಮುಂಚೆಯೇ ಕಿಟಕಿಯಲ್ಲಿ ಕಾಣಬೇಕು. ಮೊದಲು ಎರಡೂ ಕಾರಿನಲ್ಲಿ ಸ್ಕೂಟರ್ ಮಾಯವಾಯಿತು. ಮಿರರ್‌ನಲ್ಲಿ ನಮ್ಮ ಕಾರಿನ ಬದಿ ಕೂದಲೆಳೆಯಷ್ಟೇ ಕಾಣುವಂತೆ ಹೊರಕ್ಕೆ ತಿರುಗಿಸಿದ ಮೇಲೆ ಎರಡರಲ್ಲೂ ಸರಿಹೋಯಿತು. ಅಂದರೆ ಆ ತೊಂದರೆಯನ್ನು ನಾವೇ ತಿದ್ದಬಹುದು. ಕಂಬ ಮತ್ತು ಹಿಂದಿನ ಗಾಜನ್ನು ತಿದ್ದಲಾಗದು. ನನ್ನ ಮಟ್ಟಿಗೆ ಆಯ್ಕೆ ಅಲ್ಲೇ ಮುಗಿಯಿತು.

ಆದರೆ ನನ್ನ ಹೆಂಡತಿಯೂ ಓಡಿಸುತ್ತಾಳೆ. ಅವಳು ನನಗಿಂತ ಆರು ಇಂಚು ಕುಳ್ಳಗೆ, ಸೀಟು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಅವಳು ಕೂತು ಮತ್ತೆ ಅಳೆದಾಗ ನೆಟ್ಟಗಿನ ಕಾರಿನಲ್ಲೂ ಮರೆ 50ರಿಂದ 65 ಸೆಂಟಿಮೀಟರ್ ಆಯಿತು. ಕಂಬ ಅವಳ ಕಣ್ಣಿಗೆ ಇನ್ನೂ ಹತ್ತಿರ. ಸೀಟಿನ ಎತ್ತರ ಹೆಚ್ಚಿಸಿ, ಸ್ಟೇರಿಂಗನ್ನು ತನ್ನ ಕಡೆ ಎಳೆದು, ಸೀಟನ್ನು ಎರಡು ಮೆಟ್ಟಿಲು ಹಿಂದೆ ತಳ್ಳಿದ ಮೇಲೆ ಸ್ವಲ್ಪ ಕಮ್ಮಿಯಾಯಿತು. ಸ್ಟೇರಿಂಗ್ ಹತ್ತಿರಕ್ಕೆ ಎಳೆಯುವ ಸೌಲಭ್ಯ ಮೇಲಿನ ಮಾದರಿಯಲ್ಲಿ ಮಾತ್ರ ಇತ್ತು. ಸನ್‌ರೂಫ್‌ಗೆ ಕೊಡಲೊಪ್ಪದ ದುಡ್ಡನ್ನು ಅದಕ್ಕೆ ಕೊಟ್ಟೆವು.

ಅಳತೆ ಮಾಡಿದ್ದು ಬಿಸಿಲಲ್ಲಿ. ಹಾಗಾಗಿ ಒಂದು ವಿಷಯ ತಪ್ಪಿಹೋಯಿತು. ಮೊದಲ ಜೋರು ಮಳೆಯಲ್ಲಿ ಕೊಟ್ಟಿಗೆಹಾರ ದಾಟಿದಾಗ ಗೊತ್ತಾಯಿತು, ವೈಪರ್ ಬಲಗಂಬದವರೆಗೆ ಬರುವುದಿಲ್ಲ. ಮೂರು ಬೆರಳಗಲ ಗಾಜು ಒರೆಸದೆ ಉಳಿಯುತ್ತದೆ, ನೀರು ಅಲ್ಲೇ ಹರಿಯುತ್ತದೆ. ಮಳೆಯಲ್ಲಿ ಅದೂ ಕಂಬವೇ. ಈಗ ಬಲ ತಿರುವಿಗೆ ಮುಂಚೆ ತಲೆಯನ್ನು ಒಂದು ಗೇಣು ಮುಂದಕ್ಕೆ ತಂದು, ಮತ್ತೆ ಹಿಂದಕ್ಕೆ ಒಯ್ದು ನೋಡುತ್ತೇನೆ. ಹೋದ ತಿಂಗಳು ಭಾವನವರು ಕಾರು ನೋಡಲು ಕರೆದಾಗ ಟೆಸ್ಟ್ ಡ್ರೈವ್‌ಗೆ ಹೊರಡುವ ಮುಂಚೆಯೇ ಒಂದು ಬಕೆಟ್ ನೀರು ತರಿಸಿ ಗಾಜಿನ ಮೇಲೆ ಸುರಿದು, ವೈಪರ್ ಹಾಕಿ ನೋಡಿದೆವು.