ಇಂಟರ್‌ವ್ಯೂಗೆ ಕರೆದವರ ಹತ್ತಿರ ಪ್ರಯಾಣದ ಖರ್ಚು ಕೇಳಿದ್ದು

ಮೊದಲ ಸಲ ಬೇರೆ ಊರಿಗೆ ಇಂಟರ್‌ವ್ಯೂಗೆ ಹೋದಾಗ ಖರ್ಚಿನ ಮಾತೇ ಎತ್ತಲಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನೋ ಸಂಕೋಚ. ವಾಪಸ್ ಬಂದ ಮೇಲೆ ಟಿಕೆಟ್ ಬಿಲ್ ಕಳಿಸಿದೆ. ಮೊದಲೇ ಒಪ್ಪಿಗೆ ಪಡೆದಿದ್ದರೆ ಮಾತ್ರ ಕೊಡುತ್ತೇವೆ ಎಂದು ಉತ್ತರ ಬಂತು. ಅಲ್ಲಿಗೆ ಮುಗೀತು.

ಮುಂದಿನ ಸಲ ಬರುತ್ತೇನೆ ಎಂದು ತಿಳಿಸುವ ಮೇಲ್‌ನಲ್ಲೇ ಕೇಳಿಬಿಟ್ಟೆ. ಬರೆದದ್ದು ಇಷ್ಟೇ: "ಇಂಟರ್‌ವ್ಯೂ ಬೆಳಗ್ಗೆ 9ಕ್ಕೆ ಇರುವುದರಿಂದ ಹಿಂದಿನ ಸಂಜೆಯೇ ಬಂದು ಒಂದು ರಾತ್ರಿ ಉಳಿಯಬೇಕಾಗುತ್ತದೆ. ಟಿಕೆಟ್, ಹೋಟೆಲ್ ನೀವೇ ಬುಕ್ ಮಾಡುತ್ತೀರಾ, ಅಥವಾ ನಾನು ಮಾಡಿ ಆಮೇಲೆ ಬಿಲ್ ಕೊಡಲೇ?" ದುಡ್ಡು ಕೊಡುತ್ತೀರಾ ಎಂದು ಬೇಡಲಿಲ್ಲ, ಹೇಗೆ ಮಾಡೋಣ ಎಂದು ಕೇಳಿದೆ. ಕೊಡುವುದಿಲ್ಲ ಎಂದಿದ್ದರೆ ಮೊದಲ ಸುತ್ತನ್ನು ವಿಡಿಯೋದಲ್ಲಿ ಮುಗಿಸಬಹುದಾ ಎಂದು ಕೇಳುವ ಯೋಚನೆ ಇತ್ತು.

ಎಚ್‌ಆರ್ ಫೋನ್ ಮಾಡಿ, "ನೀವೇ ಬುಕ್ ಮಾಡಿ, ಬಿಲ್ ಕೊಡಿ" ಎಂದರು. ಆದರೆ ದುಡ್ಡು ಕೊಡುವುದು ಅಕೌಂಟ್ಸ್‌ನವರು, ಅವರಿಗೆ ಫೋನಿನ ಮಾತು ಲೆಕ್ಕಕ್ಕಿಲ್ಲ. ಹಾಗಾಗಿ ಫೋನ್ ಇಟ್ಟ ತಕ್ಷಣ ಆಡಿದ ಮಾತನ್ನೇ ಮೇಲ್‌ನಲ್ಲಿ ಬರೆದು, ನಾಲ್ಕು ಪ್ರಶ್ನೆ ಸೇರಿಸಿದೆ. ವಿಮಾನವೋ ರೈಲೋ, ಎಷ್ಟರವರೆಗೆ? ಹೋಟೆಲ್‌ಗೆ ಮಿತಿ ಇದೆಯೇ? ಟ್ಯಾಕ್ಸಿ, ಊಟ ಸೇರುತ್ತದೆಯೇ? ನಿಮ್ಮ ಕಡೆಯಿಂದ ದಿನಾಂಕ ಬದಲಾದರೆ ಟಿಕೆಟ್ ಬದಲಿಸುವ ಶುಲ್ಕ ಯಾರದು? ಕೊನೆಯದನ್ನು ಕೇಳೋದು ಜಾಸ್ತಿಯಾಯ್ತೇನೋ ಅನ್ನಿಸಿತ್ತು. "ನಮ್ಮದು" ಎಂದು ಉತ್ತರ ಬಂದ ಮೇಲೆಯೇ ಟಿಕೆಟ್ ತೆಗೆದೆ. ಅದನ್ನೂ ಸ್ವಲ್ಪ ದುಬಾರಿಯಾದರೂ ದಿನಾಂಕ ಬದಲಿಸಬಹುದಾದದ್ದನ್ನೇ ಆರಿಸಿದೆ.

ಹೊರಡಲು ಎರಡು ದಿನ ಇರುವಾಗ ಇಂಟರ್‌ವ್ಯೂ ಮುಂದಿನ ವಾರಕ್ಕೆ ಹೋಯಿತು! ಬದಲಿಸುವ ಶುಲ್ಕ ನನ್ನ ಕೈಯಿಂದಲೇ ಹೋಯಿತು. ಆದರೆ ಆ ಒಂದು ಸಾಲಿನ ಉತ್ತರ ಇದ್ದದ್ದರಿಂದ ಅದನ್ನೂ ಕ್ಲೇಮ್‌ನಲ್ಲಿ ಹಾಕಿದೆ, ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಹೋಟೆಲ್ ಬಿಲ್‌ಗೆ. ನಾನು ಕೊಟ್ಟಿದ್ದು ಬರೀ ಕಾರ್ಡ್ ಸ್ಲಿಪ್. ಅದರಲ್ಲಿ ದುಡ್ಡು ಕಟ್ಟಿದ್ದು ಮಾತ್ರ ಗೊತ್ತಾಗುತ್ತದೆ, ಯಾತಕ್ಕೆ ಅನ್ನೋದು ಗೊತ್ತಾಗಲ್ಲ. ನನ್ನ ಹೆಸರು, ತಂಗಿದ ದಿನ, ರೂಮಿನ ಬಾಡಿಗೆ ಬಿಡಿಬಿಡಿಯಾಗಿ ಇರುವ ಬಿಲ್ ಬೇಕಿತ್ತು. ಹೋಟೆಲ್‌ಗೆ ಮೇಲ್ ಮಾಡಿ ಮತ್ತೆ ತರಿಸಿಕೊಂಡೆ. ರೂಮ್ ಖಾಲಿ ಮಾಡುವಾಗಲೇ ಕೇಳಿದ್ದರೆ ಎರಡು ನಿಮಿಷದ ಕೆಲಸ. ಬೋರ್ಡಿಂಗ್ ಪಾಸ್ ಮಾತ್ರ ಪುಣ್ಯಕ್ಕೆ ಬ್ಯಾಗ್‌ನಲ್ಲೇ ಉಳಿದಿತ್ತು, ಅದನ್ನೂ ಕೇಳಿದರು.

ಎಲ್ಲ ಬಿಲ್‌ಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ, ಮೊದಲ ಪುಟದಲ್ಲಿ ಒಟ್ಟು ಮೊತ್ತ ಮತ್ತು ಬ್ಯಾಂಕ್ ವಿವರ ಬರೆದು, ಒಪ್ಪಿಗೆಯ ಮೇಲ್ ಕೊನೆಗೆ ಸೇರಿಸಿ ಕಳಿಸಿದೆ. ಎರಡು ವಾರ ಸುದ್ದಿಯಿಲ್ಲ. ಯಾವ ದಿನ ಪಾವತಿ ಆಗಬಹುದು ಎಂದು ಅದೇ ಮೇಲ್‌ಗೆ ಒಂದು ಸಾಲು ಬರೆದೆ. ಅಷ್ಟರಲ್ಲಿ ಆಯ್ಕೆಯಾಗಿಲ್ಲ ಅನ್ನೋ ಮೇಲ್ ಬಂತು. ಅದರ ಮುಂದಿನ ವಾರ ದುಡ್ಡೂ ಬಂತು, ಪೂರ್ತಿ.